ಕಲಬುರಗಿ–ಬೀದರ್ ತೊಗರಿ ದರ: ಎಂಗಲ್–ಗ್ರೇಂಜರ್ ಒಂದು ಹೇಳ್ತದ, ಜೋಹಾನ್ಸೆನ್ ಇನ್ನೊಂದು. ಇಸಿಟಿ ಪ್ಲಸ್ ಬಂದ್ರ ತಪ್ಪೇನು?

ತೊಗರಿಸಾಲು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಲಬುರಗಿ ಮತ್ತ ಬೀದರ್ ಎಪಿಎಂಸಿ ತೊಗರಿ ದರ ದೀರ್ಘಾವಧಿಯೊಳಗ ಒಂದಕ್ಕೊಂದು ಕಟ್ಟಿಕೊಂಡಾವೋ ಇಲ್ಲೋ ನೋಡ್ಲಿಕ್ಕತ್ತೀನಿ. ಅಗ್‌ಮಾರ್ಕ್‌ನೆಟ್‌ನಿಂದ 2016 ಜನವರಿಯಿಂದ 2023 ಡಿಸೆಂಬರ್ ತನಕ ಮೋಡಲ್ ದರ ಇಳಿಸಿ, ವಾರದ ಸರಾಸರಿ ಮಾಡಿ, ಲಾಗ್ ತೆಗೆದೀನಿ. ಕೆಳಗಿನ ಅಂಕಿ ಪ್ರಶ್ನೆಗಂತ ದುಂಡಗ ಮಾಡಿದ್ದು. ಯಾರೂ ಇದನ್ನ ಮಾರುಕಟ್ಟೆಯ ಫಲಿತಾಂಶ ಅಂತ ಎತ್ತಿಕೊಂಡು ಹೋಗಬ್ಯಾಡ್ರಿ.

ಎರಡೂ ಸರಣಿಗೆ ಎಡಿಎಫ್ ಮಾಡಿದ್ರ ಮಟ್ಟದೊಳಗ ಯೂನಿಟ್ ರೂಟ್ ಅದ, ಒಂದ್ಸಲ ವ್ಯತ್ಯಾಸ ತೆಗೆದ್ರ ಹೋಗ್ತದ. ಅಲ್ಲೀತನಕ ಸರಿ. ಆಮೇಲೆ ಕಲಬುರಗಿಯನ್ನ ಬೀದರ್ ಮ್ಯಾಲ ರಿಗ್ರೆಸ್ ಮಾಡಿ ಉಳಿಕೆ ತೆಗೆದು `adfuller` ಹಚ್ಚಿದೆ: −3.52. ತಿರುಗಿಸಿ ಬೀದರನ್ನ ಕಲಬುರಗಿ ಮ್ಯಾಲ: −3.18. 5% ಗಡಿ −2.87 ಅಂತ ತೋರಿಸ್ತದ, ಎರಡೂ ಪಾಸ್. ಆದ್ರ ಅದೇ ದತ್ತಾಂಶಕ್ಕ `coint` ಹಾಕಿದ್ರ ಮೊದಲನೇದು ಪಾಸ್, ಎರಡನೇದು ಫೇಲ್.

ಜೋಹಾನ್ಸೆನ್ (`det_order=0`, `k_ar_diff=2`): ಟ್ರೇಸ್ r=0ಕ್ಕ 27.3, ಗಡಿ 15.49. r≤1ಕ್ಕ 4.6, ಗಡಿ 3.84. ಎರಡೂ ದಾಟ್ಯಾವ. ಅಂದ್ರ ರ‍್ಯಾಂಕ್ 2 ಆತೇನು?

ರ‍್ಯಾಂಕ್ 1 ಅಂತ ಹಿಡಿದು ವಿಇಸಿಎಂ ಓಡಿಸಿದ್ರ ಬೀಟಾ ಸಾಲಿನೊಳಗ 1, −0.96, −0.40 ಬರ್ತದ. ಇಸಿಟಿ ಗುಣಾಂಕ ಕಲಬುರಗಿ ಸಮೀಕರಣದೊಳಗ −0.08 (ಟಿ −1.6), ಬೀದರ್‌ದೊಳಗ +0.17 (ಟಿ 4.2). ಈ ಪ್ಲಸ್ ನೋಡಿ ತಲಿ ಕೆಟ್ಟದ. ಇದು ತಪ್ಪೋ ಸರಿಯೋ?

---

ಎಂಎ_ಅರ್ಥಶಾಸ್ತ್ರ (ಬೀದರ್)

ಇಸಿಟಿ ಗುಣಾಂಕ ಯಾವಾಗಲೂ ಮೈನಸ್ ಇರಬೇಕು ಮತ್ತು ಮಹತ್ವದ್ದಾಗಿರಬೇಕು. ಪ್ಲಸ್ ಬಂದರೆ ವ್ಯವಸ್ಥೆ ಸಮತೋಲದಿಂದ ದೂರ ಓಡುತ್ತಿದೆ ಎಂದರ್ಥ. ಬೀದರ್ ಸಮೀಕರಣ ಬಿಟ್ಟುಬಿಡಿ, ಕಲಬುರಗಿಯದನ್ನು ಮಾತ್ರ ವರದಿ ಮಾಡಿ. ಅದೂ ಟಿ −1.6 ಅಂದರೆ 5%ರಲ್ಲಿ ನಿಲ್ಲುವುದಿಲ್ಲ. ಲ್ಯಾಗ್ ಬದಲಿಸಿ ನೋಡಿ.

---

ಗಂಜ್_ಅಡತಿ (ಕಲಬುರಗಿ)

ಅಲ್ರೀ, ಇಲ್ಲಿ ರೇಟ್ ಏರಿದ್ರ ಅಲ್ಲೂ ಏರ್ತದ, ಇಲ್ಲಿ ಬಿದ್ರ ಅಲ್ಲೂ ಬೀಳ್ತದ. ಫೋನ್ ಮಾಡಿದ್ರ ಗೊತ್ತಾಗ್ತದ. ಇದಕ್ಕ ಇಷ್ಟು ಪರೀಕ್ಷೆ ಯಾಕ? ಮುಂದಿನ ವಾರ ಕಲಬುರಗಿ ರೇಟ್ ಎಷ್ಟಾಗ್ತದ ಅದನ್ನ ಹೇಳ್ರಿ.

---

ಉಳಿಕೆಪದ (ಕಲಬುರಗಿ)

ಒಂದೊಂದಾಗಿ ನೋಡೋಣ.

ಮೊದಲು ಉಳಿಕೆಯ ಪರೀಕ್ಷೆ. `adfuller` ಕೊಡುವ −2.87 ಗಡಿ ಕಚ್ಚಾ ಸರಣಿಗೆ ಮಾಡಿದ್ದು. ನಿಮ್ಮ ಉಳಿಕೆ ಕಚ್ಚಾ ಸರಣಿಯಲ್ಲ, ರಿಗ್ರೆಷನ್ ಹೊರಹಾಕಿದ್ದು. ಲೀಸ್ಟ್ ಸ್ಕ್ವೇರ್ಸ್‌ನ ಕೆಲಸವೇ ಉಳಿಕೆಯ ಏರಿಳಿತವನ್ನು ಆದಷ್ಟು ಕಡಿಮೆ ಮಾಡುವುದು. ಹಾಗಾಗಿ ಸಂಬಂಧ ಇಲ್ಲದಿದ್ದರೂ ಉಳಿಕೆ ಸ್ಥಿರವಾದಂತೆ ಕಾಣುತ್ತದೆ. ಅದಕ್ಕೇ ಮ್ಯಾಕಿನನ್ ಬೇರೆ ಗಡಿ ಲೆಕ್ಕ ಹಾಕಿಟ್ಟರು. ಎರಡು ಚಲಕ, ಒಂದು ಸ್ಥಿರಾಂಕ, ನಿಮ್ಮಷ್ಟು ವಾರಗಳಿದ್ದರೆ 5% ಗಡಿ ಸುಮಾರು −3.35. `coint` ಬಳಸುವುದು ಅದನ್ನೇ. ನಿಮ್ಮ −3.52 ದಾಟುತ್ತದೆ, −3.18 ದಾಟುವುದಿಲ್ಲ. `coint` ಹೇಳಿದ್ದೇ ಸರಿ.

```python
from statsmodels.tsa.stattools import coint
coint(lk, lb, trend="c", autolag="aic")
coint(lb, lk, trend="c", autolag="aic")
```

ದಿಕ್ಕು ತಿರುಗಿಸಿದರೆ ಉತ್ತರ ಬದಲಾಗುವುದು ಈ ವಿಧಾನದ ಹಳೆಯ ರೋಗ. ಯಾವುದನ್ನು ಎಡಕ್ಕೆ ಇಡುತ್ತೀರೋ ಅದರ ದೋಷವನ್ನಷ್ಟೇ ರಿಗ್ರೆಷನ್ ಕಡಿಮೆ ಮಾಡುತ್ತದೆ, ಹಾಗಾಗಿ ಎರಡು ದಿಕ್ಕಿನ ಉಳಿಕೆ ಒಂದೇ ಆಗಿರುವುದಿಲ್ಲ. ಪಾಸಾದ ದಿಕ್ಕನ್ನು ಮಾತ್ರ ವರದಿ ಮಾಡುವವರು ಬಹಳ ಮಂದಿ. ಎರಡನ್ನೂ ಬರೆಯಿರಿ.

ಇನ್ನು ಜೋಹಾನ್ಸೆನ್. ಎರಡು ಚಲಕಕ್ಕೆ ರ‍್ಯಾಂಕ್ 2 ಅಂದರೆ ಎರಡೂ ದರ ತಾವಾಗಿಯೇ ಸ್ಥಿರ, ಕೋಇಂಟಿಗ್ರೇಷನ್ ಪ್ರಶ್ನೆಯೇ ಇಲ್ಲ ಅಂದಂತೆ. ನಿಮ್ಮ ಎಡಿಎಫ್ ಅದಕ್ಕೆ ಉಲ್ಟಾ ಹೇಳುತ್ತಿದೆ. ಇಂಥ ಜಗಳ ಬಂದಾಗ ಮೊದಲು ಅನುಮಾನಿಸಬೇಕಾದ್ದು ಸ್ಥಿರಾಂಕ ಎಲ್ಲಿ ಕೂತಿದೆ ಅನ್ನುವುದನ್ನು. `det_order=0` ಹಾಕಿದಾಗ ಸ್ಥಿರಾಂಕ ಕೋಇಂಟಿಗ್ರೇಷನ್ ಸಂಬಂಧದ ಹೊರಗೆ ಇರುತ್ತದೆ, ಅಂದರೆ ದರಕ್ಕೆ ವರ್ಷದಿಂದ ವರ್ಷಕ್ಕೆ ಒಂದೇ ಸಮ ಏರುವ ಓಟ ಇದೆ ಎಂದು ಒಪ್ಪಿಕೊಂಡಂತೆ. ತೊಗರಿಗೆ ಆ ಓಟ ಎಲ್ಲಿದೆ? 2015ರಲ್ಲಿ ಹಾರಿತು, 2016–17ರಲ್ಲಿ ದಾಖಲೆ ಬೆಳೆ ಬಂದು ಬೋನಸ್ ಸೇರಿದ 5,050 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಹೋಯಿತು, 2023ರಲ್ಲಿ ಮತ್ತೆ ಹಾರಿತು. ಇದು ಓಟವಲ್ಲ, ಅಲೆದಾಟ. ಸ್ಥಿರಾಂಕವನ್ನು ಸಂಬಂಧದ ಒಳಗೆ ಕಟ್ಟಿ ನೋಡಿ. ಆರ್‌ನಲ್ಲಿ ಹೀಗೆ:

```r
library(urca)
j <- ca.jo(cbind(lk, lb), type="trace",
           ecdet="const", K=3, spec="transitory")
summary(j)
v <- cajorls(j, r=1)
v$beta
summary(v$rlm)
```

ಗಡಿಯೂ ಬದಲಾಗುತ್ತದೆ: r=0ಕ್ಕೆ 19.96, r≤1ಕ್ಕೆ 9.24. ಎರಡು ಕಡೆ ಎಚ್ಚರ. ಆರ್‌ನ `K` ಮಟ್ಟದ ಲ್ಯಾಗ್ ಎಣಿಸುತ್ತದೆ, ಪೈಥಾನ್‌ನ `k_ar_diff` ವ್ಯತ್ಯಾಸದ್ದನ್ನು. ನಿಮ್ಮ 2 ಅಂದರೆ ಇಲ್ಲಿ 3. `spec` ಬರೆಯದಿದ್ದರೆ ಅದು `longrun` ಹಿಡಿಯುತ್ತದೆ. ಆಗ ಇಸಿಟಿ ಹಿಂದಿನ ವಾರದ್ದಲ್ಲ, ಮೂರು ವಾರ ಹಿಂದಿನದು. ಆಲ್ಫಾ ಬದಲಾಗುವುದಿಲ್ಲ, ಆದರೆ "ಕಳೆದ ವಾರದ ತಪ್ಪು" ಅಂತ ಬರೆದರೆ ಆ ಮಾತು ಸುಳ್ಳಾಗುತ್ತದೆ. ಮತ್ತೆ, `summary` r≤1ನ್ನು ಮೇಲೆ, r=0ನ್ನು ಕೆಳಗೆ ಅಚ್ಚು ಹಾಕುತ್ತದೆ. ಓದುವುದು ಕೆಳಗಿನಿಂದ.

ಪ್ಲಸ್ ಗುರುತಿನ ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆ: ಮಾರುಕಟ್ಟೆ ನಡೆಯದ ದಿನ ದರದ ಜಾಗ ಹೇಗೆ ತುಂಬಿದಿರಿ?

---

ತೊಗರಿಸಾಲು

ಹಿಂದಿನ ದಿನದ ದರಾನೇ ಮುಂದಕ್ಕ ಎಳೆದು, ಆಮೇಲೆ ವಾರದ ಸರಾಸರಿ ತೆಗೆದೀನಿ. ಬೀದರ್‌ದೊಳಗ ಖಾಲಿ ದಿನ ಜಾಸ್ತಿ ಇದ್ವು.

`ecdet="const"` ಹಾಕಿದ ಮ್ಯಾಲ 28.9 ಮತ್ತ 5.8 ಬಂತು. ಅಂದ್ರ ರ‍್ಯಾಂಕ್ 1. ಬೀಟಾ, ಆಲ್ಫಾ ಹೆಚ್ಚುಕಡಿಮಿ ಅವೇ.

---

ಉಳಿಕೆಪದ

ಸರಿ, ಈಗ ಗುರುತು.

ಎಂಎ_ಅರ್ಥಶಾಸ್ತ್ರ ಹೇಳಿದ್ದು ಒಂಟಿ ಸಮೀಕರಣಕ್ಕೆ ನಿಜ. ಎಡಕ್ಕೆ ಯಾವ ದರ ಇದೆಯೋ ಅದರ ಮೇಲೇ ಇಸಿಟಿ ಕಟ್ಟಿದ್ದರೆ ಮೈನಸ್ ಬರಬೇಕು. ಇಲ್ಲಿ ಎರಡು ಸಮೀಕರಣಕ್ಕೂ ಇಸಿಟಿ ಒಂದೇ, ಅದನ್ನು ಕಲಬುರಗಿಯ ಕಡೆಯಿಂದ ಕಟ್ಟಿದೆ:

`ECT = lnK − 0.96·lnB − 0.40`

ಬೀಟಾ ಸಾಲಿನಲ್ಲಿ −0.96 ಕಂಡು ದರಗಳು ಉಲ್ಟಾ ಓಡುತ್ತವೆ ಎಂದುಕೊಳ್ಳಬೇಡಿ. ಸಮ ಚಿಹ್ನೆಯ ಆಚೆ ಹಾಕಿದರೆ lnK = 0.40 + 0.96·lnB. ಬೀದರ್ 7,000 ಇದ್ದಾಗ ಕಲಬುರಗಿಯ ಸಮತೋಲದ ದರ ಸುಮಾರು 7,328.

ಈಗ ಕಲಬುರಗಿ 7,704ಕ್ಕೆ ಹೋಯಿತು ಅನ್ನಿ. ಇಸಿಟಿ +0.05. ಮುಂದಿನ ವಾರ ಕಲಬುರಗಿಗೆ −0.08 × 0.05, ಅಂದರೆ 0.4% ಇಳಿತ, ಸುಮಾರು 31 ರೂಪಾಯಿ. ಬೀದರ್‌ಗೆ 0.17 × 0.05, ಅಂದರೆ 0.85% ಏರಿಕೆ, ಸುಮಾರು 60 ರೂಪಾಯಿ. ದುಬಾರಿ ಕಡೆ ಇಳಿಯಿತು, ಅಗ್ಗದ ಕಡೆ ಏರಿತು, ನಡುವಿನ ಅಂತರ ಕುಗ್ಗಿತು. ಬೀದರ್‌ನ ಪ್ಲಸ್ ಸಮತೋಲದ ಕಡೆಗೇ ಎಳೆಯುತ್ತಿದೆ. ಅಲ್ಲಿ ಮೈನಸ್ ಬಂದಿದ್ದರೆ ಚಿಂತೆ ಮಾಡಬೇಕಿತ್ತು.

ತಾಳೆ ನೋಡುವ ಸೂತ್ರ: −0.08 − 0.96 × 0.17 = −0.243. ಈ ಮೊತ್ತ ಸೊನ್ನೆಗಿಂತ ಕೆಳಗೆ, −2ಕ್ಕಿಂತ ಮೇಲೆ ಇದ್ದರೆ ಅಂತರ ಮುಚ್ಚಿಕೊಳ್ಳುತ್ತದೆ. ವಾರಕ್ಕೆ ಅಂತರದ 24% ಮುಚ್ಚಿದರೆ ಅರ್ಧ ಆಗಲು ಬೇಕಾದ್ದು ln(0.5)/ln(0.757), ಸುಮಾರು ಎರಡೂವರೆ ವಾರ. ಬೀದರ್ ಸಮೀಕರಣ ಬಿಟ್ಟು −0.08 ಒಂದನ್ನೇ ಹಿಡಿದಿದ್ದರೆ ಎಂಟು ವಾರಕ್ಕಿಂತ ಹೆಚ್ಚು ಅಂತ ಬರುತ್ತಿತ್ತು. ಆ ಸಮೀಕರಣ ಬಿಡಬಾರದು ಅನ್ನುವುದು ಇದಕ್ಕೇ. ಅಲ್ಪಾವಧಿ ಲ್ಯಾಗ್‌ಗಳನ್ನು ಈ ಲೆಕ್ಕ ಮರೆತಿದೆ, ಹಾಗಾಗಿ ಅಂದಾಜಷ್ಟೇ.

ಆದರೆ ನನ್ನ ಮುಖ್ಯ ತಕರಾರು ಬೇರೆ ಇದೆ. "ಕಲಬುರಗಿಯ ಟಿ −1.6, ಅದು ಹೊಂದಿಕೊಳ್ಳುವುದಿಲ್ಲ, ಬೀದರ್ ಮಾತ್ರ ಹಿಂಬಾಲಿಸುತ್ತದೆ, ಆದ್ದರಿಂದ ದರ ಹುಟ್ಟುವುದು ಕಲಬುರಗಿಯಲ್ಲಿ" ಅಂತ ನೀವು ಬರೆಯುವವರಿದ್ದೀರಿ. ಆ ತೀರ್ಮಾನ ನಿಮ್ಮ ಖಾಲಿ ದಿನಗಳೇ ಹುಟ್ಟಿಸಿದ್ದಿರಬಹುದು. ಬೀದರ್‌ನಲ್ಲಿ ವ್ಯಾಪಾರ ನಡೆಯದ ದಿನ ನೀವು ಹಳೆಯ ದರ ಎಳೆದಿರಿ. ಕಲಬುರಗಿ ದರ ಅಷ್ಟರಲ್ಲಿ ಸರಿಯಿತು. ಬೀದರ್ ಮತ್ತೆ ತೆರೆದ ದಿನ ಒಮ್ಮೆಗೇ ಹಾರಿತು. ಮಾದರಿಗೆ ಅದು "ಬೀದರ್ ಹಿಂದಿನಿಂದ ಬಂದು ಹೊಂದಿಕೊಂಡಿತು" ಅಂತ ಕಾಣುತ್ತದೆ. ನಿಜದಲ್ಲಿ ಬೀದರ್‌ಗೆ ಮೊದಲೇ ಗೊತ್ತಿದ್ದಿರಬಹುದು, ಸವಾಲು ನಡೆದಿರಲಿಲ್ಲ ಅಷ್ಟೇ. ಎಲ್ಲಿ ಖಾಲಿ ದಿನ ಜಾಸ್ತಿಯೋ ಆ ಮಾರುಕಟ್ಟೆಯ ಆಲ್ಫಾ ಸುಳ್ಳೇ ಉಬ್ಬುತ್ತದೆ.

ಎರಡೂ ಕಡೆ ವ್ಯಾಪಾರ ನಡೆದ ದಿನಗಳನ್ನು ಮಾತ್ರ ಇಟ್ಟುಕೊಂಡು ವಾರದ ಸರಾಸರಿ ತೆಗೆಯಿರಿ. ಅಂಥ ದಿನ ಒಂದೂ ಸಿಗದ ವಾರ ಖಾಲಿ ಬಿಡಿ. ಖಾಲಿ ವಾರಗಳು ಒತ್ತಾಗಿ ಬಂದರೆ, 2020ರ ಲಾಕ್‌ಡೌನ್ ಹಾಗೆ, ಅಲ್ಲಿ ಸರಣಿ ಕತ್ತರಿಸಿ ವ್ಯತ್ಯಾಸ ದಾಟದಂತೆ ನೋಡಿಕೊಳ್ಳಿ. ಎರಡು ತುದಿ ಹಿಡಿದು ನಡುವೆ ಗೆರೆ ಎಳೆದು ತುಂಬುವುದಂತೂ ಬೇಡವೇ ಬೇಡ, ಅದರಲ್ಲಿ ಮುಂದಿನ ವಾರದ ದರ ಹಿಂದಿನ ವಾರಕ್ಕೆ ಸೋರುತ್ತದೆ.

ಗಂಜ್_ಅಡತಿ ಅವರೇ, ಒಟ್ಟಿಗೆ ಏರಿಳಿಯುವುದು ಬೇರೆ, ಅಂತರ ಬಿಟ್ಟುಹೋಗದಿರುವುದು ಬೇರೆ. ದಿನಾ ಒಟ್ಟಿಗೆ ಏರಿಳಿದರೂ ಬೀದರ್ ಪ್ರತಿ ಸಲ ಹತ್ತು ರೂಪಾಯಿ ಕಮ್ಮಿ ಏರಿದರೆ ವರ್ಷದ ಕೊನೆಗೆ ಅಂತರ ಎಲ್ಲೋ ಹೋಗಿರುತ್ತದೆ. ಅದು ವಾಪಸ್ ಬರುತ್ತದೋ ಅನ್ನುವುದೇ ಇಲ್ಲಿನ ಪ್ರಶ್ನೆ. ಮುಂದಿನ ವಾರದ ರೇಟ್ ಇದರಿಂದ ಸಿಗುವುದಿಲ್ಲ. ಮೇಲಿನ 31 ರೂಪಾಯಿ ವಾರದ ಮಾಮೂಲಿ ಏರಿಳಿತದಲ್ಲೇ ಮುಳುಗಿಹೋಗುತ್ತದೆ.

---

ಗಂಜ್_ಅಡತಿ

ಹತ್ತು ರೂಪಾಯಿ ಮಾತು ಖರೇ ಅದ. ಇನ್ನೊಂದು ಹೇಳ್ತೀನಿ ಕೇಳ್ರಿ. ಡಿಸೆಂಬರ್, ಜನವರಿಯೊಳಗ ಹಸಿ ಮಾಲು ಬರ್ತದ, ತೇವ ಜಾಸ್ತಿ ಇರ್ತದ, ರೇಟ್ ಕಮ್ಮಿ ಆಗ್ತದ. ಅದು ಬೆಲೆ ಬಿದ್ದದ್ದಲ್ಲ, ನೀರಿನ ತೂಕ. ಆಗಸ್ಟ್‌ನ್ಯಾಗ ಬೀದರ್‌ಗ ಹತ್ತಿಪ್ಪತ್ತು ಚೀಲ ಬಂದ ದಿನ ಯಾವನೋ ಒಬ್ಬ ಹಿಡಿದ ರೇಟೇ ಮೋಡಲ್ ಆಗ್ತದ. ಬಿಳಿ ತೊಗರಿ, ಕೆಂಪು ತೊಗರಿ ಕೂಡಿಸಿ ಬರೆದಿದ್ರ ಅದೂ ನೋಡ್ರಿ. ಆವಕ ಎಷ್ಟು ಅಂತ ಅದೇ ಹಾಳಿಯೊಳಗ ಇರ್ತದಲ್ಲ?

---

ತೊಗರಿಸಾಲು

ಇರ್ತದ್ರಿ ಅಣ್ಣಾವ್ರ. ಒಂದೇ ತಳಿ ಹಿಡಿದು, ಆವಕ ಭಾಳ ಕಮ್ಮಿ ಇದ್ದ ದಿನ ತೆಗೆದು, ಎರಡೂ ಕಡೆ ಸವಾಲು ಆದ ದಿನ ಮಾತ್ರ ಇಟ್ಟು ಮತ್ತೊಮ್ಮೆ ಮಾಡಿದೆ.

ಎಂಗಲ್–ಗ್ರೇಂಜರ್: −3.71, ತಿರುಗಿಸಿದ್ರ −3.44. ಈಗ ಎರಡೂ −3.35 ದಾಟ್ಯಾವ. ಟ್ರೇಸ್‌ನೊಳಗ ರ‍್ಯಾಂಕ್ 1 ಹಂಗೇ ಅದ, ಬೀಟಾನೂ ಹೆಚ್ಚು ಸರಿದಿಲ್ಲ. ಆದ್ರ ಆಲ್ಫಾ ಬದಲಾತು: ಕಲಬುರಗಿ −0.11 (ಟಿ −2.4), ಬೀದರ್ +0.13 (ಟಿ 3.0).

---

ಉಳಿಕೆಪದ

ಅಂತರ ಮುಚ್ಚುವ ಒಟ್ಟು ವೇಗ ಹೆಚ್ಚುಕಡಿಮೆ ಅದೇ: −0.11 − 0.96 × 0.13 = −0.235, ಅರ್ಧಕ್ಕೆ ಮತ್ತೆ ಎರಡೂವರೆ ವಾರ. ಯಾರು ಎಷ್ಟು ಹೊರೆ ಹೊತ್ತರು ಅನ್ನುವುದು ಮಾತ್ರ ಬದಲಾಯಿತು. ಮುಂದಾಳತ್ವದ ಪಾಲು ಲೆಕ್ಕ ಹಾಕಿ: ಮೊದಲು ಕಲಬುರಗಿಗೆ 0.17/(0.17+0.08), ಅಂದರೆ 68%. ಈಗ 0.13/(0.13+0.11), ಅಂದರೆ 54%. "ಕಲಬುರಗಿ ಮುಂದೆ, ಬೀದರ್ ಹಿಂದೆ" ಅನ್ನುವ ಅಧ್ಯಾಯ ಬರೆಯುವಷ್ಟು ದೂರ 54 ಮತ್ತು 50 ಇಲ್ಲ.

ಕೋಇಂಟಿಗ್ರೇಷನ್ ಇದೆಯೋ ಇಲ್ಲವೋ ಅನ್ನುವ ಉತ್ತರ ದತ್ತಾಂಶದ ಕೊಳೆಯನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಆಲ್ಫಾ ತಡೆದುಕೊಳ್ಳುವುದಿಲ್ಲ.

---

ಹತ್ತಿಹೊಲ (ಯಾದಗಿರಿ)

ನಂದೂ ಇಂಥದ್ದೇ ಒಂದು ಅದ, ಇಲ್ಲೇ ಕೇಳ್ತೀನಿ. ಹತ್ತಿ, ಅರಳೆ, ಹತ್ತಿಬೀಜ, ಹಿಂಡಿ, ಬೀಜದ ಎಣ್ಣೆ, ಐದು ಸರಣಿ, ತಿಂಗಳ ದರ, ಬಳಸಲಿಕ್ಕೆ ಸಿಕ್ಕದ್ದು 60 ತಿಂಗಳು. ಎಐಸಿ 4 ಲ್ಯಾಗ್ ಅಂತು. ಟ್ರೇಸ್ 84, ಗಡಿ 69.82. ಕೋಇಂಟಿಗ್ರೇಷನ್ ಗಟ್ಟಿ ಅದ ಅಂತ ಬರೆಯಬಹುದಲ್ಲ?

---

ಉಳಿಕೆಪದ

ಬರೆಯಬೇಡಿ. ಐದು ಸರಣಿ, ನಾಲ್ಕು ಲ್ಯಾಗ್ ಅಂದರೆ ಒಂದೊಂದು ಸಮೀಕರಣಕ್ಕೆ 20 ಗುಣಾಂಕ, ಇರುವುದು 60 ತಿಂಗಳು. ಇಷ್ಟು ಸಣ್ಣ ಮಾದರಿಯಲ್ಲಿ ಟ್ರೇಸ್ ಇಲ್ಲದ ಸಂಬಂಧವನ್ನೂ ಇದೆ ಅನ್ನುತ್ತದೆ. ರೀನ್ಸೆಲ್–ಆನ್ ತಿದ್ದುಪಡಿ ಹಾಕಿ: (60 − 5×4)/60, ಅಂದರೆ ಮೂರರಲ್ಲಿ ಎರಡು ಪಾಲು. 84 ಆಗ 56 ಆಗುತ್ತದೆ, ಗಡಿಗಿಂತ ಬಹಳ ಕೆಳಗೆ. ಹತ್ತಿ, ಅರಳೆ, ಬೀಜ ಈ ಮೂರನ್ನೇ ಇಟ್ಟು 2 ಲ್ಯಾಗ್‌ನಿಂದ ಶುರು ಮಾಡಿ, ಆಗ ಗುಣಕ 0.9 ಆಗುತ್ತದೆ, ಗಡಿ 29.80. ಉಳಿಕೆಯಲ್ಲಿ ಸ್ವಸಂಬಂಧ ಉಳಿದರೆ ಮಾತ್ರ ಲ್ಯಾಗ್ ಏರಿಸಿ.

---

ಹತ್ತಿಹೊಲ

ಐದೂ ಬೇಕು ಅಂತ ಗೈಡ್ ಹೇಳ್ಯಾರ. ನೋಡ್ತೀನಿ.

---

ಎಂಎ_ಅರ್ಥಶಾಸ್ತ್ರ

ಗುರುತಿನ ವಿಷಯದಲ್ಲಿ ತಪ್ಪಾಯಿತು, ಒಪ್ಪುತ್ತೇನೆ. ಆದರೆ ಇನ್ನೊಂದು ಬಿಟ್ಟುಹೋಗಿದೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದು ಮುಕ್ತವಾಯಿತು, 2023ರ ಜೂನ್‌ನಲ್ಲಿ ದಾಸ್ತಾನು ಮಿತಿ ಬಂತು. ಇಷ್ಟೆಲ್ಲ ಆದ ಮೇಲೂ ಎಂಟು ವರ್ಷಕ್ಕೆ ಒಂದೇ 0.40 ಸ್ಥಿರಾಂಕ ಹೇಗೆ ನಿಲ್ಲುತ್ತದೆ? ಗ್ರೆಗರಿ–ಹ್ಯಾನ್ಸನ್ ಮಾಡಿ. ಮಟ್ಟ ಬದಲಾವಣೆಯ ಮಾದರಿಗೆ 5% ಗಡಿ −4.61.

---

ತೊಗರಿಸಾಲು

ಮಾಡಿದೆ. ಕನಿಷ್ಠ −4.38 ಬಂತು. ದಾಟಲಿಲ್ಲ. ಹಂಗಾದ್ರ ಮೊದಲಿನ ಫಲಿತಾಂಶ ಸುಳ್ಳೇನು?

---

ಉಳಿಕೆಪದ

ಸುಳ್ಳಲ್ಲ. ಎರಡೂ ಪರೀಕ್ಷೆಯ ಶೂನ್ಯ ಊಹೆ ಒಂದೇ, ಕೋಇಂಟಿಗ್ರೇಷನ್ ಇಲ್ಲ ಅನ್ನುವುದು. ಗ್ರೆಗರಿ–ಹ್ಯಾನ್ಸನ್ ಮುರಿತದ ತಾರೀಖು ತಾನೇ ಹುಡುಕುತ್ತದೆ, ಆ ಹುಡುಕಾಟದ ಬೆಲೆಯಾಗಿ ಗಡಿ ಅಷ್ಟು ದೂರ ಇದೆ. ಮುರಿತ ಇಲ್ಲದಿದ್ದರೆ ಸಾದಾ ಪರೀಕ್ಷೆಯೇ ಹೆಚ್ಚು ಚುರುಕು. ಇನ್ನೂ ಒಂದು: ಆಮದು, ದಾಸ್ತಾನು ನೀತಿ ಎರಡೂ ಊರಿಗೆ ಒಂದೇ ಸಲ ಬಡಿಯುತ್ತದೆ. ಎರಡೂ ದರ ಒಟ್ಟಿಗೆ ಹಾರಿದರೆ ಅಂತರಕ್ಕೆ ಏನೂ ಆಗಬೇಕಿಲ್ಲ.

---

ಎಂಎ_ಅರ್ಥಶಾಸ್ತ್ರ

ಒಂದೇ ಸಮ ಬಡಿಯುತ್ತದೆ ಅಂತ ಹೇಗೆ ಹೇಳುತ್ತೀರಿ? ದಾಲ್ ಮಿಲ್ ಇರುವುದು ಹೆಚ್ಚಾಗಿ ಕಲಬುರಗಿಯಲ್ಲಿ. ದಾಸ್ತಾನು ಮಿತಿ ಮಿಲ್‌ನವರ ಕೈ ಕಟ್ಟಿದರೆ ಕಲಬುರಗಿಯ ಖರೀದಿಯೇ ಮೊದಲು ತಣ್ಣಗಾಗುತ್ತದೆ. ಬೀದರ್ ಮಾಲು ಲಾತೂರ್ ಕಡೆಗೂ ಹೋಗುತ್ತದೆ. ಹಾಗಿದ್ದಾಗ ಅಂತರ ಬದಲಾಗಲೇಬೇಕು.

---

ಉಳಿಕೆಪದ

ಈ ವಾದಕ್ಕೆ ತೂಕ ಇದೆ. ಹಾಗಿದ್ದರೆ ತಾರೀಖು ಹುಡುಕಿಸುವ ಬದಲು ಜೂನ್ 2023ರ ಡಮ್ಮಿಯನ್ನು ಸಂಬಂಧದ ಒಳಗೆ ಇಟ್ಟು ನೋಡಬೇಕು. ಆದರೆ ಡಮ್ಮಿ ಒಳಗೆ ಹೋದರೆ ಟ್ರೇಸ್‌ನ ಮಾಮೂಲಿ ಗಡಿ ಹೊಂದುವುದಿಲ್ಲ, ಜೊತೆಗೆ 2023 ಡಿಸೆಂಬರ್‌ಗೆ ನಿಂತ ದತ್ತಾಂಶದಲ್ಲಿ ಆಮೇಲಿನ ವಾರ 30ರ ಸುತ್ತಮುತ್ತ ಮಾತ್ರ. ಅಷ್ಟರಲ್ಲಿ ಹೊಸ ಸಮತೋಲ ಹೇಳಲು ನನಗೆ ಧೈರ್ಯ ಇಲ್ಲ.

ಲಾತೂರ್ ಮೂರನೇ ಸರಣಿಯಾಗಿ ಸೇರಿಸಿ. ಮೂರೂ ಒಂದೇ ಮಾರುಕಟ್ಟೆಯಂತೆ ನಡೆದರೆ ರ‍್ಯಾಂಕ್ 2 ಬರಬೇಕು, ಇಲ್ಲಿ 2 ತಪ್ಪಲ್ಲ. 1 ಬಂದರೆ ಯಾವುದೋ ಒಂದು ಊರು ತನ್ನ ದಾರಿ ಹಿಡಿದಿದೆ. ಲಾತೂರ್ ಬಂದ ಮೇಲೆ ಕಲಬುರಗಿ, ಬೀದರ್ ಎರಡೂ ಅದಕ್ಕೇ ಹೊಂದಿಕೊಳ್ಳುತ್ತಿದ್ದರೆ 54% ಅಂಕಿಯೂ ಬೀಳುತ್ತದೆ. ತೊಗರಿ ವಾಯಿದಾ ವ್ಯಾಪಾರ 2007ರ ಜನವರಿಯಿಂದ ನಿಂತಿದೆ, ಹಾಗಾಗಿ ಯಾರು ಮುಂದೆ ಅಂತ ಕೇಳಲು ಈ ಸವಾಲು ಕಟ್ಟೆಗಳೇ ಗತಿ.

---

ಗಂಜ್_ಅಡತಿ

ಲಾತೂರ್ ಹಾಕಿದ್ರ ಉದಗೀರ್‌ನೂ ಹಾಕ್ರಿ, ಬೀದರ್‌ಗ ಅದೇ ಹತ್ತಿರ. ಮತ್ತ ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದ ವಾರ ನೋಡ್ರಿ. ರೇಟ್ ಕೆಳಗ ಇದ್ದಾಗ ಛಲೋ ಮಾಲು ಕೇಂದ್ರಕ್ಕ ಹೋಗ್ತದ, ಗಂಜ್‌ಗ ಉಳಿದದ್ದು ಬರ್ತದ. ಆವಾಗಿನ ರೇಟ್ ಏನು ರೇಟ್ರಿ?

---

ತೊಗರಿಸಾಲು

ಆ ವಾರಗಳು ಬೇರೆ ಹಿಡಿದ್ರ ಇಸಿಟಿ ಮೇಲಿದ್ದಾಗ ಒಂದು ವೇಗ, ಕೆಳಗಿದ್ದಾಗ ಇನ್ನೊಂದು ವೇಗ ಬರಬಹುದು ಅನಸ್ತದ. ಲಾತೂರ್, ಉದಗೀರ್ ದರ ಇಳಿಸ್ಲಿಕ್ಕತ್ತೀನಿ. ಅವುಗಳ ಖಾಲಿ ದಿನ ಎಣಿಸಿ ಮೊದಲು ಇಲ್ಲೇ ಹಾಕ್ತೀನಿ, ಆಮೇಲೆ ಟ್ರೇಸ್.